ಕರೆಂಟ್ ಉಳಿಸುವ ಪೆಟ್ಟಿಗೆ ಹಿಡಿದುಕೊಂಡು ಬರ್ತಾರೆ, ಹೊಲಿಗೆ ಯುನಿಟ್ ಇರುವವರು ಜಾಗ್ರತೆ

ಬದಿಯಡ್ಕ, ಪೆರ್ಲ, ಉಪ್ಪಳ ಕಡೆ ನಾಲ್ಕೈದು ಪವರ್ ಮಿಷನ್ ಇಟ್ಟುಕೊಂಡು ಯುನಿಫಾರ್ಮ್, ನೈಟಿ ಹೊಲಿಯುವವರು ದಯವಿಟ್ಟು ಪೂರ್ತಿ ಓದಿ. ಬರೆಯಲು ನಾಚಿಕೆ ಆಗ್ತದೆ. 7,800 ರೂಪಾಯಿ ಕೊಟ್ಟು ಎರಡು ಪ್ಲಾಸ್ಟಿಕ್ ಪೆಟ್ಟಿಗೆ ತಗೊಂಡದ್ದು ನಾನೇ. ಯಾರೂ ಒತ್ತಾಯ ಮಾಡಿದ್ದಲ್ಲ. ಎದುರಿಗೇ ತೋರಿಸಿದರು, ನಾನು ನೋಡಿದೆ, ನಂಬಿದೆ.

ನಮ್ಮಲ್ಲಿ ಆರು ಮಿಷನ್, ಆರಕ್ಕೂ ಹಳೇ ಕ್ಲಚ್ ಮೋಟರ್, ಅರ್ಧ ಎಚ್‌ಪಿಯದ್ದು. ಶಾಲೆ ತೆರೆಯುವ ಮೊದಲಿನ ಗಡಿಬಿಡಿಯಲ್ಲಿ ಬಿಲ್ಲು ಏರಿತ್ತು. ಆ ಹೊತ್ತಿಗೆ ಸರಿಯಾಗಿ ಇಬ್ಬರು ಬಂದರು. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಕ್ಲಾಂಪ್ ಮೀಟರ್, ಬ್ಯಾಗಿನಲ್ಲಿ ಪೆಟ್ಟಿಗೆ. ‘ಕೆಎಸ್‌ಇಬಿ ಒಪ್ಪಿದ್ದು ಅಕ್ಕಾ’ ಅಂದರು. ಒಪ್ಪಿದ ಕಾಗದ ಎಲ್ಲಿ ಅಂತ ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಅವರು ಮಾಡಿದ್ದು ಇಷ್ಟೇ. ಒಂದು ಮಿಷನ್ನಿನ ಮೋಟರ್ ಆನ್ ಮಾಡಿದರು, ಹೊಲಿಯದೆ ಸುಮ್ಮನೆ ತಿರುಗಲು ಬಿಟ್ಟರು. ವಯರಿಗೆ ಕ್ಲಾಂಪ್ ಹಾಕಿದರು: 2.4 ಆಂಪ್ಸ್. ‘ನೋಡಿಕೊಳ್ಳಿ ಅಕ್ಕಾ, ಫೋಟೋ ಬೇಕಾದರೂ ತೆಗೀರಿ.’ ತೆಗೆದೆ. ಆಮೇಲೆ ಪೆಟ್ಟಿಗೆಯನ್ನು ಸಾಕೆಟ್ಟಿಗೆ ಚುಚ್ಚಿದರು. ಹಸಿರು ದೀಪ ಉರಿಯಿತು, 2.4 ಇದ್ದದ್ದು ಒಂದೇ ಕ್ಷಣದಲ್ಲಿ 0.9. ಮೋಟರಿನ ಸದ್ದು ಹಾಗೇ ಇದೆ, ವೇಗ ಹಾಗೇ ಇದೆ, ಅಂಕೆ ಮಾತ್ರ ಇಳಿದಿದೆ. ‘ಅರ್ಧಕ್ಕಿಂತ ಕಡಿಮೆ ಆಯ್ತಲ್ಲ. ಬಿಲ್ಲಲ್ಲಿ ನಾವು ಮೂವತ್ತು ಪರ್ಸೆಂಟ್ ಮಾತ್ರ ಗ್ಯಾರಂಟಿ ಕೊಡೋದು, ಜಾಸ್ತಿ ಹೇಳಿ ಮೋಸ ಮಾಡಲ್ಲ.’ ಮೋಸ ಮಾಡಲ್ಲ ಅಂತ ಬಾಯಿಬಿಟ್ಟು ಹೇಳಿದರು, ಮಾರಾಯ್ರೆ! ಹೊಲಿಯುವ ಹುಡುಗಿಯರೆಲ್ಲ ಎದ್ದು ಬಂದು ನೋಡಿದರು. ನಾನು ಎರಡು ಕೊಡಿ ಅಂದೆ.

ಮುಂದಿನ ಬಿಲ್ಲಿನಲ್ಲಿ ಯುನಿಟ್ ಕಡಿಮೆ ಆಗಲಿಲ್ಲ. ಫೋನ್ ಮಾಡಿದೆ. ‘ಮೊದಲನೇ ಬಿಲ್ಲಲ್ಲಿ ಗೊತ್ತಾಗಲ್ಲ, ವಯರಿಂಗ್ ಅದಕ್ಕೆ ಒಗ್ಗಬೇಕು’ ಅಂದರು. ವಯರು ಒಗ್ಗುವುದೆಂದರೆ ಎಂತದು? ಹೊಸ ಸೊಸೆಯಾ ಅದು? ಮತ್ತೊಂದು ಬಿಲ್ಲಿಗೆ ‘ಮಳೆಗಾಲ ಅಕ್ಕಾ, ವೋಲ್ಟೇಜ್ ಸರಿ ಇರಲ್ಲ’. ಮತ್ತೆ ಕೇಳಿದ್ದಕ್ಕೆ ‘ನೀವು ಮಿಷನ್ ಜಾಸ್ತಿ ಓಡಿಸಿರಬೇಕು’. ಕೊನೆಗೆ ‘ಆರು ಮಿಷನ್ನಿಗೆ ಎರಡು ಸಾಲಲ್ಲ, ಇನ್ನೆರಡು ಹಾಕಿ’. ನನ್ನ ದುಡ್ಡಿನಲ್ಲಿ ಇನ್ನೆರಡು!

ಆಮೇಲೆ ನಮ್ಮ ವಯರಿಂಗ್ ಕೆಲಸದವರನ್ನು ಕರೆಸಿದೆ. ಅವರು ಪೆಟ್ಟಿಗೆ ಬಿಚ್ಚಿದರು. ಒಳಗೆ 25 ಮೈಕ್ರೋಫ್ಯಾರಡ್ಡಿನ ಒಂದು ಕೆಪಾಸಿಟರ್, ಹಸಿರು ದೀಪಕ್ಕೆ ಒಂದು ಚೂರು ಸರ್ಕ್ಯೂಟ್, ಮತ್ತೆ ಕೈಗೆ ಭಾರ ಅನಿಸಲಿ ಅಂತ ತುಂಬಿದ ಮರಳು. ಕೆಪಾಸಿಟರ್ ಅಂದರೆ ಪಂಪಿನ ಮೋಟರಿಗೆ ಹಾಕ್ತಾರಲ್ಲ, ಅದೇ. ಮರಳು ನಮ್ಮ ಹೊಳೆಬದಿಯಲ್ಲೂ ಸಿಗ್ತದೆ.

ಹಾಗಾದರೆ ಆಂಪ್ಸ್ ಇಳಿದದ್ದು ಸುಳ್ಳಾ? ಅಲ್ಲ. ಅದೇ ಇದರ ಕಿತಾಪತಿ. ಮೋಟರ್ ಎಳೆಯುವ ಕರೆಂಟಿನಲ್ಲಿ ಎರಡು ಪಾಲು. ಒಂದು ಪಾಲು ನಿಜವಾಗಿ ಖರ್ಚಾಗುವುದು: ತಿರುಗಿಸಲಿಕ್ಕೆ, ಬಿಸಿಯಾಗಿ ಹೋಗಲಿಕ್ಕೆ. ಇನ್ನೊಂದು ಪಾಲು ಮೋಟರಿನ ಒಳಗೆ ಅಯಸ್ಕಾಂತ ಹುಟ್ಟಿಸಲಿಕ್ಕೆ ಬಂದು ಹಾಗೇ ಲೈನಿಗೆ ವಾಪಸ್ ಹೋಗುವುದು. ಪಕ್ಕದ ಮನೆಯಿಂದ ಒಂದು ಪಾವು ಅಕ್ಕಿ ಕಡ ತಂದು ಕೂಡಲೇ ಅಳೆದು ಕೊಟ್ಟ ಹಾಗೆ. ಓಡಾಟ ಉಂಟು, ಖರ್ಚಿಲ್ಲ. ಕ್ಲಾಂಪ್ ಮೀಟರ್ ಎರಡನ್ನೂ ಸೇರಿಸಿ ತೋರಿಸ್ತದೆ. ನಮ್ಮಂಥ ಸಣ್ಣ ಕನೆಕ್ಷನ್ನಿನ ಬಿಲ್ಲು ಮೊದಲನೇ ಪಾಲಿಗೆ ಮಾತ್ರ, ಅಂದರೆ kWh ಗೆ. ಸುಮ್ಮನೆ ತಿರುಗುವ ಕ್ಲಚ್ ಮೋಟರಿನಲ್ಲಿ ಎರಡನೇ ಪಾಲೇ ಜಾಸ್ತಿ. ನಮ್ಮ ಮೋಟರ್ 2.4 ಆಂಪ್ಸ್ ಎಳೆದರೂ ಖರ್ಚು ಮಾಡ್ತಿದ್ದದ್ದು 190 ವ್ಯಾಟ್ ಅಷ್ಟೇ. ಕೆಪಾಸಿಟರ್ ಹಾಕಿದರೆ ಆ ಅಕ್ಕಿಯ ಓಡಾಟ ಪೆಟ್ಟಿಗೆಗೂ ಮೋಟರಿಗೂ ನಡುವೆ ನಡೀತದೆ, ಹೊರಗಿನ ವಯರಿನಲ್ಲಿ ಆಂಪ್ಸ್ ಇಳೀತದೆ. 190 ವ್ಯಾಟ್ ಮಾತ್ರ 190 ವ್ಯಾಟೇ. ಅವರು ಹೊಲಿಯದೆ ಸುಮ್ಮನೆ ತಿರುಗಿಸಿ ತೋರಿಸಿದ್ದು ಯಾಕೆ ಅಂತ ಈಗ ಗೊತ್ತಾಯಿತಾ? ಹಾಗೆ ಮಾಡಿದರೇ ಅಂಕೆ ಜಾಸ್ತಿ ಬೀಳುವುದು.

ಕೆಪಾಸಿಟರ್ ದಂಡ ಅಂತ ನಾನು ಹೇಳ್ತಿಲ್ಲ. ಒಟ್ಟು ಕರೆಂಟಿನಲ್ಲಿ ಮೊದಲನೇ ಪಾಲು ಎಷ್ಟು ಅನ್ನುವ ಪವರ್ ಫ್ಯಾಕ್ಟರ್ ನೋಡಿ ಬಿಲ್ಲು ಹಾಕುವ ದೊಡ್ಡ ಕನೆಕ್ಷನ್ನಿಗೆ ಅದು ಬೇಕೇ ಬೇಕು. ಆರು ಹೊಲಿಗೆ ಮಿಷನ್ನಿನ ಬಿಲ್ಲಿಗೆ ಅದರಿಂದ ಎಂತದೂ ಇಲ್ಲ.

ಪರೀಕ್ಷೆ ನೀವೇ ಮಾಡಬಹುದು, ಐದು ನಿಮಿಷದ ಕೆಲಸ. ಕರೆಂಟಿನ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಟುಕುತ್ತಿರ್ತದೆ, ಪಕ್ಕದಲ್ಲಿ 3200 imp/kWh ಅಂತಲೋ ಬೇರೆ ಅಂಕೆಯೋ ಬರೆದಿರ್ತದೆ. ಅಷ್ಟು ಸಲ ಮಿಟುಕಿದರೆ ಒಂದು ಯುನಿಟ್. ಫ್ಯಾನು, ಲೈಟು, ಫ್ರಿಜ್ಜು ಎಲ್ಲ ಆಫ್ ಮಾಡಿ ಒಂದೇ ಮೋಟರ್ ಓಡಿಸಿ, ಮಿಟುಕು ಎಣಿಸಿ. ನಮ್ಮಲ್ಲಿ ಪೆಟ್ಟಿಗೆ ಇಲ್ಲದೆ ಐದು ನಿಮಿಷಕ್ಕೆ 51. ಪೆಟ್ಟಿಗೆ ಚುಚ್ಚಿದ ಮೇಲೆ? 51. ಮತ್ತೊಮ್ಮೆ ಎಣಿಸಿದೆ. 51.

ಇದಕ್ಕಿಂತ ಚಂದದ್ದು ಇನ್ನೊಂದು. ಮೋಟರ್ ಆಫ್ ಮಾಡಿ ಪೆಟ್ಟಿಗೆ ಮಾತ್ರ ಆನ್ ಇಟ್ಟು ಕ್ಲಾಂಪ್ ಹಾಕಿದೆವು. 1.8 ಆಂಪ್ಸ್! ಕರೆಂಟ್ ಉಳಿಸುವ ಪೆಟ್ಟಿಗೆ ತಾನೇ 1.8 ಆಂಪ್ಸ್ ಎಳೀತಾ ಉಂಟು, ಆದರೂ ಮೀಟರಿನ ದೀಪ ಮಿಟುಕುವುದಿಲ್ಲ. ಆಂಪ್ಸ್ ಬೇರೆ, ಯುನಿಟ್ ಬೇರೆ ಅಂತ ಅಲ್ಲಿ ಕಣ್ಣಿಗೇ ಕಂಡಿತು.

ಎಣಿಸಿದ್ದರ ವೀಡಿಯೋ ಅವರಿಗೆ ವಾಟ್ಸಾಪ್ ಮಾಡಿದೆ. ಬಂದ ಉತ್ತರ: ‘ನಿಮ್ಮ ಮೀಟರ್ ತಪ್ಪು ತೋರಿಸ್ತಿದೆ, ಬೋರ್ಡಿಗೆ ಕಂಪ್ಲೇಂಟ್ ಕೊಡಿ.’ ದುಡ್ಡು ವಾಪಸ್ ಕೊಡಿ ಅಂದರೆ ‘ಬಿಲ್ ಕಳಿಸಿ’. ಅವರು ಕೊಟ್ಟದ್ದು ಸೀಲಿಲ್ಲದ, ಜಿಎಸ್‌ಟಿ ನಂಬರಿಲ್ಲದ ಚೀಟಿ. ಅದನ್ನೇ ಕಳಿಸಿದೆ. ‘ಇದು ನಮ್ಮದಲ್ಲ’ ಅಂದರು.

ಈಗ ನಿಜವಾಗಿ ಕರೆಂಟ್ ಎಲ್ಲಿ ಸೋರ್ತಿತ್ತು ಅಂತ ಹೇಳ್ತೇನೆ. ಕ್ಲಚ್ ಮೋಟರ್ ಸ್ವಿಚ್ ಹಾಕಿದ ಹೊತ್ತಿನಿಂದ ತೆಗೆಯುವವರೆಗೆ ಪೂರ್ತಿ ವೇಗದಲ್ಲಿ ಗುಂಯ್ ಅಂತ ತಿರುಗ್ತಾ ಇರ್ತದೆ. ಪೆಡಲ್ ಒತ್ತಿದರೆ ಕ್ಲಚ್ ಪ್ಲೇಟ್ ಹಿಡಿದು ಮಿಷನ್ ಓಡ್ತದೆ, ಅಷ್ಟೇ. ಬಟ್ಟೆ ಜೋಡಿಸುವಾಗ, ನೂಲು ಕತ್ತರಿಸುವಾಗ, ಬಾಬಿನ್ ಹಾಕುವಾಗ, ಪಕ್ಕದವಳ ಜೊತೆ ಮಾತಾಡುವಾಗ ಆ 190 ವ್ಯಾಟ್ ಹೋಗ್ತಲೇ ಇರ್ತದೆ. ಸೂಜಿ ನಿಜವಾಗಿ ಓಡುವುದು ನಾಲ್ಕರಲ್ಲಿ ಒಂದು ಪಾಲು ಹೊತ್ತು. ಸರ್ವೋ ಮೋಟರ್ ಹಾಗಲ್ಲ, ಪೆಡಲ್ ಒತ್ತಿದಾಗ ಮಾತ್ರ ತಿರುಗ್ತದೆ. ಒಂದು ಮಿಷನ್ನಿಗೆ ಹಾಕಿಸಿ ಅದೇ ದೀಪ ಎಣಿಸಿದೆ: ಸುಮ್ಮನೆ ನಿಂತಾಗ ಐದು ನಿಮಿಷಕ್ಕೆ 51 ಅಲ್ಲ, 2.

ಲೆಕ್ಕ ಹೀಗೆ. ದಿನಕ್ಕೆ ಏಳು ಗಂಟೆ, ತಿಂಗಳಿಗೆ 25 ದಿನ, ಆರು ಮಿಷನ್. ಹೊಲಿಯುವಾಗ ಕ್ಲಚ್ ಮೋಟರಿಗೆ 300 ವ್ಯಾಟ್ ಹಿಡಿದರೆ ಸರಾಸರಿ 217 ವ್ಯಾಟ್, ತಿಂಗಳಿಗೆ 228 ಯುನಿಟ್. ಸರ್ವೋಗೆ ಹೊಲಿಯುವಾಗ 180, ನಿಂತಾಗ 8 ಹಿಡಿದರೆ ಸರಾಸರಿ 51 ವ್ಯಾಟ್, ತಿಂಗಳಿಗೆ 54 ಯುನಿಟ್. ಉಳಿಯುವುದು 174 ಯುನಿಟ್. ಯುನಿಟ್ಟಿಗೆ ಏಳು ರೂಪಾಯಿ ಅಂತ ಇಟ್ಟರೆ 1,200 ರೂಪಾಯಿ ಆಸುಪಾಸು. ನಾವು ತಂದ ಸರ್ವೋ ಒಂದಕ್ಕೆ 4,500, ಆರಕ್ಕೆ 27,000. ಹಾಕಿದ ದುಡ್ಡು ಹುಟ್ಟಲು ಸುಮಾರು ಎರಡು ವರ್ಷ. ಒಂದೇ ಬಿಲ್ಲಿನಲ್ಲಿ ಮಾಯ ಆಗ್ತದೆ ಅಂತ ಯಾರಾದರೂ ಹೇಳಿದರೆ ಅವರೂ ಪೆಟ್ಟಿಗೆಯವರ ಅಣ್ಣತಮ್ಮಂದಿರೇ. ದಿನಕ್ಕೆ ಎರಡು ಗಂಟೆ ಮಾತ್ರ ಓಡುವ ಮಿಷನ್ನಿಗೆ ಹಾಕಿಸಬೇಡಿ, ಹೊಲಿಗೆ ಮುಗಿದ ಕೂಡಲೇ ಸ್ವಿಚ್ ತೆಗೆದರೆ ಸಾಕು. ಮನೆ ಮಿಷನ್ನಿನ ಪಕ್ಕಕ್ಕೆ ಕೂರಿಸುವ ಸಣ್ಣ ಪೆಡಲ್ ಮೋಟರ್ ಒತ್ತಿದಾಗ ಮಾತ್ರ ಓಡುವುದರಿಂದ ಅದನ್ನು ಬದಲಿಸಿ ಲಾಭ ಇಲ್ಲ.

ಹಾಕಿಸುವಾಗ ನೋಡಬೇಕಾದ್ದು: ಟೇಬಲ್ಲಿನ ಅಡಿಯ ಅದೇ ಮೂರು ಬೋಲ್ಟಿನ ತೂತಿಗೆ ಸರ್ವೋ ಕೂರ್ತದೆ. ಪುಲ್ಲಿ ಮತ್ತು ಮಿಷನ್ನಿನ ಚಕ್ರ ಒಂದೇ ಗೆರೆಯಲ್ಲಿ ಇರಬೇಕು, ಇಲ್ಲದಿದ್ದರೆ ಬೆಲ್ಟ್ ಒಂದು ಬದಿ ತಿಂದುಹೋಗ್ತದೆ. ತಿರುಗುವ ದಿಕ್ಕನ್ನು ಮೊದಲು ಬೆಲ್ಟ್ ಹಾಕದೆ ನೋಡಿ. ಉಲ್ಟಾ ತಿರುಗಿದರೆ ನೂಲು ಸಿಕ್ಕಿಕೊಳ್ತದೆ, ದಿಕ್ಕು ಬದಲಿಸಲು ಸೆಟ್ಟಿಂಗ್ ಇರ್ತದೆ. ತೀರಾ ಕಡಿಮೆ ಬೆಲೆಯದ್ದು ನಿಧಾನ ವೇಗದಲ್ಲಿ ಬಲ ಕೊಡುವುದಿಲ್ಲ. ಜೀನ್ಸಿನ ಕಾಲಿನ ಮಡಿಕೆಯಲ್ಲಿ, ಎರಡು ಹೊಲಿಗೆ ಕೂಡುವ ದಪ್ಪ ಜಾಗದಲ್ಲಿ ಸೂಜಿ ನಿಂತೇಬಿಡ್ತದೆ. ಅಂಗಡಿಗೆ ಹೋಗುವಾಗ ಅಂಥ ಒಂದು ತುಂಡು ಹಿಡಿದುಕೊಂಡು ಹೋಗಿ, ನಿಧಾನ ಒತ್ತಿ ಹೊಲಿದು ನೋಡಿ. ಮತ್ತೊಂದು, ತುಲಾ ಮಳೆಯ ಸಿಡಿಲು. ಅಕ್ಟೋಬರ್, ನವೆಂಬರಿನ ಸಂಜೆ ನಮ್ಮ ಕಡೆ ಹೇಗೆ ಬಡೀತದೆ ಗೊತ್ತಲ್ಲ. ಕ್ಲಚ್ ಮೋಟರ್ ಎಷ್ಟೋ ತಡ್ಕೊಳ್ತದೆ, ಸರ್ವೋದ ಕಂಟ್ರೋಲ್ ಬೋರ್ಡ್ ಅಷ್ಟು ತಡ್ಕೊಳ್ಳುವುದಿಲ್ಲ. ಬಾಗಿಲು ಹಾಕುವಾಗ ಪ್ಲಗ್ ಕಿತ್ತಿಡಿ, ಅರ್ಥಿಂಗ್ ಸರಿ ಇದೆಯಾ ನೋಡಿ.

ಲೈಟಿನ ವಿಷಯ ಸಣ್ಣದು. ಹಳೇ ಚೋಕಿನ ಟ್ಯೂಬ್ ಚೋಕ್ ಸೇರಿ 50 ವ್ಯಾಟ್ ಹತ್ತಿರ ತಿನ್ನುತ್ತದೆ, ಎಲ್‌ಇಡಿ 20. ಫಿಟ್ಟಿಂಗ್ ಹಳೇದೇ ಇಟ್ಟು ಟ್ಯೂಬ್ ಮಾತ್ರ ಬದಲಿಸುವುದಾದರೆ ಆ ಟ್ಯೂಬಿಗೆ ಹೇಗೆ ವಯರಿಂಗ್ ಬೇಕು ಅಂತ ಓದಿಸಿ, ಚೋಕನ್ನು ದಾಟಿಸಬೇಕು ಅಂತಿದ್ದರೆ ದಾಟಿಸಿ. ಸೂಜಿಯ ಹತ್ತಿರ ಅಯಸ್ಕಾಂತದಲ್ಲಿ ಅಂಟುವ ಪುಟ್ಟ ಎಲ್‌ಇಡಿ ಲೈಟ್ ಹಾಕಿದ ಮೇಲೆ ತಲೆ ಮೇಲಿನ ಎಂಟು ಟ್ಯೂಬಿನಲ್ಲಿ ಮೂರು ನಾವು ತೆಗೆದೇ ಬಿಟ್ಟೆವು. ನೂಲಿನ ಬಣ್ಣ ಹೊಂದಿಸುವುದು ಮಾತ್ರ ಈಗಲೂ ಬಾಗಿಲ ಬೆಳಕಿನಲ್ಲೇ. ಕಡಿಮೆ ಬೆಲೆಯ ಬಿಳಿ ಎಲ್‌ಇಡಿಯ ಅಡಿ ನೇವಿ ಬ್ಲೂ ಯಾವುದು, ಕಪ್ಪು ಯಾವುದು ಗೊತ್ತಾಗುವುದಿಲ್ಲ.

ಆ 7,800 ರೂಪಾಯಿಗೆ ಒಂದು ಸರ್ವೋ ಬಂದು ಎರಡನೆಯದಕ್ಕೆ ಮುಕ್ಕಾಲು ದುಡ್ಡು ಆಗ್ತಿತ್ತು. ನೆನೆಸಿದರೆ ಹೊಟ್ಟೆ ಉರೀತದೆ. ಮೊನ್ನೆ ಪೆರ್ಲದಲ್ಲಿ ಇಂಥದ್ದೇ ಹಸಿರು ದೀಪದ ಪೆಟ್ಟಿಗೆ ಒಬ್ಬರ ಅಂಗಡಿಯಲ್ಲಿ ಕಂಡೆ. ನಿಮ್ಮಲ್ಲಿಗೆ ಬಂದರೆ ಕ್ಲಾಂಪ್ ಮೀಟರನ್ನು ಅವರ ಕೈಯಲ್ಲೇ ಇರಲಿ ಬಿಡಿ. ಮೋಟರ್ ಆಫ್ ಮಾಡಿ, ಪೆಟ್ಟಿಗೆ ಒಂದೇ ಇಟ್ಟು ಆಂಪ್ಸ್ ಎಷ್ಟು ತೋರಿಸಿ ಅಂತ ಕೇಳಿ.