ಐದು ಲಕ್ಷ ಕಟ್ಟಿ ಬೀಗಿದೆ, ಅವಧಿ ಒಂದು ತಿಂಗಳೂ ಇಳಿದಿರಲಿಲ್ಲ

ಗೃಹಸಾಲಕ್ಕೆ ಒಟ್ಟಿಗೆ ದೊಡ್ಡ ಮೊತ್ತ ಕಟ್ಟಲು ಹೊರಟಿರುವವರು ದಯವಿಟ್ಟು ಓದಿ. ನಾನು ಪ್ರೌಢಶಾಲೆಯ ಗಣಿತದ ಮೇಷ್ಟ್ರು. ಎಂಟನೆಯ ತರಗತಿಗೆ ಚಕ್ರಬಡ್ಡಿ ಹೇಳಿಕೊಡುವವನು. ಹೀಗಿದ್ದೂ ಮೋಸ ಹೋದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಸಾಲ 40 ಲಕ್ಷ, ಬದಲಾಗುವ ಬಡ್ಡಿ ದರ 8.5, ಅವಧಿ 20 ವರ್ಷ, ತಿಂಗಳ ಕಂತು 34,713 ರೂಪಾಯಿ. ಮೂರು ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲು 37.39 ಲಕ್ಷ ಉಳಿದಿತ್ತು. ಹನ್ನೆರಡೂವರೆ ಲಕ್ಷ ಕಟ್ಟಿದ್ದೇನೆ, ಅಸಲಿಗೆ ಹೋದದ್ದು ಎರಡು ಲಕ್ಷ ಅರವತ್ತು ಸಾವಿರ! ಆ ಸಂಕಟಕ್ಕೇ ಊರಿನ ನಿವೇಶನ ಮಾರಿ ಬಂದ ಹಣದಲ್ಲಿ ಐದು ಲಕ್ಷ ತೆಗೆದುಕೊಂಡು ಬ್ಯಾಂಕಿಗೆ ಹೋದೆ.

ಅಲ್ಲಿನ ಅಧಿಕಾರಿ ಒಂದು ಅರ್ಜಿ ಮುಂದಿಟ್ಟು ಮೂರು ಕಡೆ ಸಹಿ ಹಾಕಿಸಿಕೊಂಡರು. ಅದರಲ್ಲಿ ಎರಡು ಚೌಕಗಳಿದ್ದವು: ಕಂತು ಇಳಿಸಬೇಕೆ, ಅವಧಿ ಇಳಿಸಬೇಕೆ. ಎರಡೂ ಖಾಲಿ. ನಾನು ನೋಡಲಿಲ್ಲ, ಅವರು ಕೇಳಲಿಲ್ಲ. ಎರಡು ದಿನದಲ್ಲಿ ಮೊಬೈಲಿಗೆ ಸಂದೇಶ ಬಂತು, ಕಂತು ಇನ್ನು 30,072 ರೂಪಾಯಿ. ತಿಂಗಳಿಗೆ 4,641 ರೂಪಾಯಿ ಉಳಿತಾಯ! ಸ್ಟಾಫ್ ರೂಮಿನಲ್ಲಿ ಮೈಸೂರು ಪಾಕ್ ಹಂಚಿದೆ. ಹೌದು, ಹಂಚಿದೆ.

ಹನ್ನೊಂದು ತಿಂಗಳಾದ ಮೇಲೆ ಭಾವಮೈದುನ ಮನೆಗೆ ಬಂದಿದ್ದ. ‘ಭಾವ, ಐದು ಲಕ್ಷ ಕಟ್ಟಿದಿರಲ್ಲ, ಇನ್ನು ಎಷ್ಟು ಕಂತು ಉಳಿದಿವೆ?’ ಎಂದು ಕೇಳಿದ. ಸಾಲದ ಖಾತೆ ತೆರೆದು ನೋಡಿದೆ. 193. ಐದು ಲಕ್ಷ ಕಟ್ಟುವ ದಿನ ಬಾಕಿ ಇದ್ದದ್ದು 204. ಹನ್ನೊಂದು ತಿಂಗಳಿಗೆ ಹನ್ನೊಂದೇ ಕಂತು ಕಳೆದಿದೆ. ನನ್ನ ಐದು ಲಕ್ಷ ಒಂದೇ ಒಂದು ತಿಂಗಳನ್ನೂ ಕಡಿಮೆ ಮಾಡಿರಲಿಲ್ಲ!

ಆ ರಾತ್ರಿ ಕಾಗದ ಹಿಡಿದು ಕುಳಿತೆ. ಆ ಐದು ಲಕ್ಷ ಕಟ್ಟದೇ ಇದ್ದಿದ್ದರೆ ಮುಂದಿನ 204 ತಿಂಗಳಲ್ಲಿ ಬಡ್ಡಿಯೇ 33.42 ಲಕ್ಷ ಆಗುತ್ತಿತ್ತು. ಬ್ಯಾಂಕಿನವರು ಮಾಡಿದಂತೆ ಕಂತು ಇಳಿಸಿದರೆ 28.95 ಲಕ್ಷ. ಹಳೆಯ 34,713 ರೂಪಾಯಿಯನ್ನೇ ಕಟ್ಟುತ್ತಾ ಹೋಗಿದ್ದರೆ ಸಾಲ 154 ತಿಂಗಳಿಗೆ ಮುಗಿದು, ಬಡ್ಡಿ 20.81 ಲಕ್ಷಕ್ಕೆ ನಿಲ್ಲುತ್ತಿತ್ತು. ಬಡ್ಡಿ ದರ ಹೀಗೆಯೇ ಇದ್ದರೆ ಎಂಬ ಲೆಕ್ಕ ಇದು. ವ್ಯತ್ಯಾಸ ಎಂಟು ಲಕ್ಷಕ್ಕೂ ಹೆಚ್ಚು. ಒಂದು ಚೌಕಕ್ಕೆ ಎಂಟು ಲಕ್ಷ!

ಇದರಲ್ಲಿ ಮಾಯವೇನೂ ಇಲ್ಲ. ಬಡ್ಡಿ ಬೀಳುವುದು ಉಳಿದ ಅಸಲಿನ ಮೇಲೆ. ಕಂತು ಇಳಿದಾಗ ಕೈಯಲ್ಲಿ ಉಳಿಯುವ 4,641 ರೂಪಾಯಿ ಅಸಲಿಗೆ ಹೋಗುವುದು ನಿಲ್ಲುತ್ತದೆ, ಅಸಲು ನಿಧಾನವಾಗಿ ಕರಗುತ್ತದೆ. ಆ ಹಣವನ್ನು ಪ್ರತಿ ತಿಂಗಳೂ ಮತ್ತೆ ಸಾಲಕ್ಕೇ ಕಟ್ಟಿದ್ದರೆ ಎರಡೂ ಒಂದೇ ಆಗುತ್ತಿತ್ತು. ಆದರೆ ಯಾರು ಕಟ್ಟುತ್ತಾರೆ? ನಾನಂತೂ ಕಟ್ಟಲಿಲ್ಲ, ಹೊಸ ಟಿವಿ ತಂದೆ.

ಮರುದಿನ ಬ್ಯಾಂಕಿಗೆ ಹೋದೆ. ‘ನೀವು ಏನೂ ಹೇಳಲಿಲ್ಲವಲ್ಲ ಸಾರ್’ ಎಂದರು. ನೀವು ಕೇಳಿದಿರಾ ಎಂದೆ. ‘ಚೌಕ ಖಾಲಿ ಬಿಟ್ಟರೆ ಕಂಪ್ಯೂಟರ್ ತಾನಾಗಿಯೇ ಕಂತು ಇಳಿಸುತ್ತದೆ.’ ಹಾಗಾದರೆ ಸಹಿ ಹಾಕಿಸುವಾಗ ಹೇಳಬೇಡವೇ? ಅದಕ್ಕೆ ಬಂದ ಉತ್ತರ ಮಾತ್ರ ಈಗಲೂ ಕಿವಿಯಲ್ಲಿದೆ: ‘ಕಂತು ಕಡಿಮೆಯಾದರೆ ಎಲ್ಲರಿಗೂ ಖುಷಿ ಸಾರ್, ಬೇಸರ ಮಾಡಿಕೊಂಡವರು ನೀವೇ ಮೊದಲು.’ ಮೈ ಉರಿದು ಹೋಯಿತು. ಖುಷಿಪಟ್ಟು ಸಿಹಿ ಹಂಚಿದವನು ನಾನೇ ಎಂದು ನೆನಪಾಗಿ ಇನ್ನಷ್ಟು ಉರಿಯಿತು.

ಹಿಂದಿನ ದಿನಾಂಕದಿಂದ ಸರಿಪಡಿಸಲು ಆಗುವುದಿಲ್ಲ ಎಂದರು. ಹೊಸ ಅರ್ಜಿ ಕೊಟ್ಟು ಕಂತನ್ನು ಹಳೆಯ ಮೊತ್ತಕ್ಕೆ ಏರಿಸಿಕೊಂಡೆ. ಈಗ ಬಾಕಿ 147 ಕಂತು. ಹನ್ನೊಂದು ತಿಂಗಳ ನಿದ್ದೆಗೆ ಹೆಚ್ಚುವರಿ ಬಡ್ಡಿ ಸುಮಾರು 96 ಸಾವಿರ. ಎಂಟು ಲಕ್ಷದಿಂದ ಅಷ್ಟಕ್ಕೆ ಉಳಿಯಿತಲ್ಲ ಎಂದು ಹೆಂಡತಿ ಸಮಾಧಾನ ಹೇಳುತ್ತಾಳೆ, ನನಗೆ ಸಮಾಧಾನವಿಲ್ಲ.

ನೀವು ಹೋದಾಗ ಬಾಯಿಮಾತಿಗೆ ಬಿಡಬೇಡಿ. ‘ಕಂತಿನ ಮೊತ್ತ ಹಾಗೆಯೇ ಇರಲಿ, ಅವಧಿಯನ್ನು ಮಾತ್ರ ಕಡಿಮೆ ಮಾಡಿ’ ಎಂದು ಅರ್ಜಿಯಲ್ಲಿ ಕೈಯಾರೆ ಬರೆದು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ. ವಾರದೊಳಗೆ ಹೊಸ ಮರುಪಾವತಿ ಪಟ್ಟಿ ತರಿಸಿ, ಕಂತಿನ ಮೊತ್ತವನ್ನಲ್ಲ, ಬಾಕಿ ಕಂತುಗಳ ಸಂಖ್ಯೆಯನ್ನು ನೋಡಿ. ಕೆಲಸ ಭದ್ರವಿಲ್ಲದವರು, ಮಕ್ಕಳ ಶುಲ್ಕ ತಲೆಯ ಮೇಲಿರುವವರು ಕಂತು ಇಳಿಸಿಕೊಂಡರೆ ತಪ್ಪಿಲ್ಲ, ಆದರೆ ಅದನ್ನು ನೀವೇ ಆರಿಸಿ, ಖಾಲಿ ಚೌಕ ಆರಿಸುವುದು ಬೇಡ.

ಹೊಸ ಅರ್ಜಿಗೆ ಸಹಿ ಹಾಕಿ ಏಳುವಾಗ ಅದೇ ಅಧಿಕಾರಿ, ‘ಸಾರ್, ಈಗ ಕಂತು ಜಾಸ್ತಿಯಾಯಿತು, ಆಮೇಲೆ ನಮ್ಮನ್ನು ಬೈಯಬೇಡಿ’ ಎಂದರು.