ನಾಳೆ ಸಂವಿಧಾನದ ಪೇಪರ್, ಕೈಯಲ್ಲಿ 480 ಪುಟ: ಮಾಡಿ ನೋಡಿದ ಮೂರು ದಾರಿ

ಧಾರವಾಡದ ಸಪ್ತಾಪುರದಲ್ಲಿ ಝೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸಿದ ನಮ್ಮ ರೀಡರ್ ತಲೆದಿಂಬಿನಷ್ಟು ದಪ್ಪ. ತೀರ್ಪನ್ನು ಗಮನವಿಟ್ಟು ಓದಿದರೆ ಗಂಟೆಗೆ ಇಪ್ಪತ್ತು ಪುಟ ಸಾಗುತ್ತದೆ. ಹಾಗಾದರೆ 480 ಪುಟಕ್ಕೆ ಇಪ್ಪತ್ನಾಲ್ಕು ಗಂಟೆ ಬೇಕು. ಇದ್ದದ್ದು ಎಂಟು.

ಮೊದಲ ಸೆಮಿಸ್ಟರಿನಲ್ಲಿ ಮೊದಲ ಪುಟದಿಂದ ಹೊರಟೆ. ರಾತ್ರಿ ಹನ್ನೊಂದಕ್ಕೂ ಎರಡನೇ ಯುನಿಟ್ ಮುಗಿದಿರಲಿಲ್ಲ. ಆ ದಾರಿಯ ಬಗ್ಗೆ ಇಷ್ಟು ಸಾಕು.

ಎರಡನೇ ಸಲ ಎಲ್ಲದರ ಮೇಲೂ ಕಣ್ಣಾಡಿಸಿದೆ. ಏನನ್ನೂ ಬಿಟ್ಟಿಲ್ಲ ಎಂಬ ಸಮಾಧಾನ ಸಿಗುತ್ತದೆ, ಆದರೆ ತೀರ್ಪುಗಳಲ್ಲಿ ಇದು ಕೈಕೊಡುತ್ತದೆ. ಬೊಮ್ಮಾಯಿ ಪ್ರಕರಣ (1994) ನಮ್ಮ ಹುಬ್ಬಳ್ಳಿಯವರದೇ, ಗೊತ್ತಿದೆ ಅಂದುಕೊಂಡಿದ್ದೆ. ರಾಜ್ಯ ಸರ್ಕಾರ ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲು 356ನೇ ವಿಧಿಯಡಿ ರಾಷ್ಟ್ರಪತಿಗೆ ತೃಪ್ತಿಯಾದರೆ ಸಾಕು, ಕೋರ್ಟು ಅದರಲ್ಲಿ ಕೈಹಾಕುವಂತಿಲ್ಲ ಎಂದು ಬರೆದು ಬಂದೆ. ಅದು ಕೇಂದ್ರದ ಪರ ವಕೀಲರ ವಾದ! ಕೋರ್ಟು ಹೇಳಿದ್ದು ಉಲ್ಟಾ: ಆ ತೃಪ್ತಿಗೆ ಸಂಬಂಧಪಟ್ಟ ಆಧಾರ ಇತ್ತೇ, ಅದರ ಹಿಂದೆ ದುರುದ್ದೇಶ ಇತ್ತೇ ಎಂದು ಪರಿಶೀಲಿಸಬಹುದು. ಬಹುಮತ ಇದೆಯೋ ಇಲ್ಲವೋ ತೀರ್ಮಾನವಾಗಬೇಕಾದದ್ದು ಸದನದಲ್ಲಿ.

"ವಕೀಲ ಹೇಳಿದ್ದನ್ನ ಜಡ್ಜ್ ಬಾಯಾಗ ಹಾಕಿ ಬಂದೀಯಲ್ಲೋ" ಅಂತ ರೂಮ್‌ಮೇಟ್ ನಕ್ಕ. ಕಂಟೆಂಡೆಡ್, ಸಬ್‌ಮಿಟೆಡ್ ಎಂಬ ಪದ ಕಂಡರೆ ಇನ್ನೂ ವಕೀಲರ ಮಾತೇ ನಡೆದಿದೆ ಎಂದರ್ಥ. ಓಡುವ ಕಣ್ಣಿಗೆ ಮೊದಲು ತಪ್ಪಿಹೋಗುವುದೂ ಅವೇ ಪದ.

ಮೂರನೇ ಸಲ ಐದು ವರ್ಷದ ಹಳೇ ಪ್ರಶ್ನೆಪತ್ರಿಕೆ ಹರಡಿಕೊಂಡು, ಒಂದೊಂದು ಪ್ರಶ್ನೆಗೂ ಪರಿವಿಡಿಯಲ್ಲಿ ಪೆನ್ಸಿಲ್ ಗೀಟು ಹಾಕಿದೆ. ಮುಕ್ಕಾಲು ಗಂಟೆ ಹೋಯಿತು. ಆ ಹೊತ್ತಿಗೆ ಹೊಟ್ಟೆ ಉರಿಯುತ್ತದೆ, ನಿಜ. ಮೂರೋ ಅದಕ್ಕಿಂತ ಹೆಚ್ಚೋ ಗೀಟು ಬಿದ್ದದ್ದನ್ನು ನಿಧಾನವಾಗಿ ಓದುವುದು, ಒಂದೆರಡು ಬಿದ್ದದ್ದಕ್ಕೆ ಕಣ್ಣಾಡಿಸುವುದು, ಗೀಟೇ ಇಲ್ಲದ್ದನ್ನು ಬಿಡುವುದು.

ಬೊಮ್ಮಾಯಿಗೆ ನಾಲ್ಕು ಗೀಟು. ಆದರೂ ಪೂರ್ತಿ ಓದಲಿಲ್ಲ. ಒಂಬತ್ತು ನ್ಯಾಯಮೂರ್ತಿಗಳು ಆರು ಅಭಿಪ್ರಾಯ ಬರೆದಿದ್ದಾರೆ. ಬಹುಮತದ ತೀರ್ಪಿನ ತಿರುಳು ಹೆಚ್ಚಾಗಿ ಸಾವಂತ್ ಮತ್ತು ಜೀವನ್ ರೆಡ್ಡಿ ಅವರ ಬರಹದಲ್ಲಿದೆ. ಜೀವನ್ ರೆಡ್ಡಿಯವರು ಕೊನೆಗೆ ತೀರ್ಮಾನಗಳನ್ನು ನಂಬರ್ ಹಾಕಿ ಕೊಟ್ಟಿರುವುದರಿಂದ ಅಲ್ಲಿಂದ ಶುರು ಮಾಡಿ, ಅರ್ಥವಾಗದ ಅಂಶಕ್ಕಷ್ಟೇ ಹಿಂದಿನ ಪುಟಕ್ಕೆ ಹೋದೆ. ತೀರ್ಪಿನ ಮೊದಲಿಗೆ ಸಾರಾಂಶವಾಗಿ ಬರುವ ಹೆಡ್‌ನೋಟ್ ದಿಕ್ಕು ತೋರಿಸಲಿಕ್ಕಷ್ಟೇ. ಅದು ವರದಿಯ ಸಂಪಾದಕರು ಬರೆದದ್ದು, ಕೋರ್ಟಿನ ಮಾತೆಂದು ಉತ್ತರದಲ್ಲಿ ಉಲ್ಲೇಖಿಸಬಾರದು.

ಈ ದಾರಿಗೂ ಒಂದು ತೂತಿದೆ. ಆ ವರ್ಷ ಹೊಸದಾಗಿ ಸೇರಿಸಿದ ಪಾಠಕ್ಕೆ ಹಳೇ ಪತ್ರಿಕೆಯಲ್ಲಿ ಗೀಟು ಎಲ್ಲಿಂದ ಬರಬೇಕು? ಅಂಥವನ್ನು ಕ್ಲಾಸಿನ ನೋಟ್ಸ್ ನೋಡಿ ಬೇರೆ ತೆಗೆದು, ತೀರ್ಮಾನದ ಭಾಗವನ್ನಾದರೂ ಓದಿದೆ. ಬಿಟ್ಟ ಪುಟಗಳಿಂದ ಒಂದೇ ಪ್ರಶ್ನೆ ಬಂತು, ಅದೂ ಚಾಯ್ಸ್‌ನಲ್ಲಿ ಹೋಯಿತು.