ರಿಸಲ್ಟ್‌ಗೆ ಮುಂಚೆ ಕಾಲ್ ಖರೀದಿಸುವವರೇ, ಮೊದಲು ಐವಿ ನೋಡಿ

"ನಾಳೆ ರಿಸಲ್ಟ್ ಇದೆ, ಇವತ್ತೇ ಕಾಲ್ ತಗೊಳ್ಳಿ" ಎಂದು ಒಂದು ಟಿಪ್ಸ್ ಗ್ರೂಪ್‌ನಲ್ಲಿ ಬಂದದ್ದನ್ನು ನಂಬಿ ನನ್ನ ತಮ್ಮ ದುಡ್ಡು ಹಾಕಿದ. ಕಂಪನಿಯ ರಿಸಲ್ಟ್ ಚೆನ್ನಾಗಿಯೇ ಬಂತು. ಷೇರು ಏರಿತು. ಆದರೂ ಅವನಿಗೆ ನಷ್ಟ ಆಯಿತು. ಆ್ಯಪ್ ತಪ್ಪು ತೋರಿಸುತ್ತಿದೆ ಎಂದುಕೊಂಡ. ಆ್ಯಪ್ ಸರಿಯಾಗಿಯೇ ಇತ್ತು.

ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಹೇಳುತ್ತೇನೆ. ಷೇರಿನ ಬೆಲೆ 1500 ರೂಪಾಯಿ, ಆಪ್ಷನ್ ಅವಧಿ ಮುಗಿಯುವ ಎಕ್ಸ್‌ಪೈರಿಗೆ 8 ದಿನ ಬಾಕಿ. 1500ರ ಕಾಲ್ ಅನ್ನು, ಅಂದರೆ ಷೇರನ್ನು 1500ಕ್ಕೆ ಕೊಳ್ಳುವ ಹಕ್ಕನ್ನು, 49 ರೂಪಾಯಿಗೆ ಕೊಂಡ. ಮರುದಿನ ಷೇರು 1530 ಆಯಿತು, ಕಾಲ್ ಮಾತ್ರ 41.50ಕ್ಕೆ ಇಳಿಯಿತು. 400 ಷೇರಿನ ಲಾಟ್ ಆದರೆ 3,000 ರೂಪಾಯಿ ಹೋಯಿತು ಎಂದರ್ಥ.

ಇದಕ್ಕೆ ಕಾರಣ ವೇಗಾ. ಷೇರು ಮುಂದೆ ಎಷ್ಟು ಏರುಪೇರಾಗಬಹುದು ಎಂಬ ಮಾರುಕಟ್ಟೆಯ ಅಂದಾಜನ್ನು ಐವಿ ಎನ್ನುತ್ತಾರೆ. ಅದು ಒಂದು ಪಾಯಿಂಟ್ ಬದಲಾದರೆ ಆಪ್ಷನ್ ಬೆಲೆ ಎಷ್ಟು ಬದಲಾಗುತ್ತದೆ ಎಂದು ವೇಗಾ ಹೇಳುತ್ತದೆ. ಇಲ್ಲಿ ಅದು ಸುಮಾರು 89 ಪೈಸೆ. ರಿಸಲ್ಟ್ ಏನು ಬರುತ್ತದೋ ಗೊತ್ತಿಲ್ಲದಾಗ ಐವಿ 55 ಇತ್ತು. ಸುದ್ದಿ ಹೊರಬಿದ್ದ ಮೇಲೆ ಊಹಿಸಲು ಏನೂ ಉಳಿಯಲಿಲ್ಲ, ಐವಿ 28ಕ್ಕೆ ಕುಸಿಯಿತು. 27 ಪಾಯಿಂಟ್ ಇಳಿದದ್ದಕ್ಕೇ 24 ರೂಪಾಯಿ ಹೋಯಿತು. ಒಂದು ದಿನ ಕಳೆದದ್ದಕ್ಕೆ ಇನ್ನೊಂದೂವರೆ ರೂಪಾಯಿ. ಷೇರು 30 ರೂಪಾಯಿ ಏರಿದ್ದರಿಂದ ವಾಪಸ್ ಬಂದದ್ದು 18 ಮಾತ್ರ. ಅಸಲು ಹುಟ್ಟಬೇಕಾದರೂ ಷೇರು 1540 ಮುಟ್ಟಬೇಕಿತ್ತು. ಟಿಪ್ ಕೊಟ್ಟವರು ದಿಕ್ಕು ಹೇಳಿದರು, ಈ ಲೆಕ್ಕ ಹೇಳಲೇ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಮೊದಲೇ ಗೊತ್ತು ಮಾಡಿಕೊಳ್ಳಬಹುದಾ? ಖಂಡಿತ. ಎಲ್ಲ ಆಪ್ಷನ್‌ಗಳ ಬೆಲೆ ತೋರಿಸುವ ಎನ್‌ಎಸ್‌ಇ ಆಪ್ಷನ್ ಚೈನ್ ಪಟ್ಟಿಯಲ್ಲಿ IV ಎಂಬ ಕಾಲಂ ಇದೆ. ಈ ತಿಂಗಳ ಎಕ್ಸ್‌ಪೈರಿಯ ಐವಿಯನ್ನು ಮುಂದಿನ ತಿಂಗಳದ್ದರ ಜೊತೆ ಹೋಲಿಸಿ. ಈ ತಿಂಗಳದ್ದು ತುಂಬಾ ಜಾಸ್ತಿ ಇದ್ದರೆ, ರಿಸಲ್ಟ್‌ನ ಆತಂಕಕ್ಕೆ ನೀವೇ ಬೆಲೆ ಕೊಡುತ್ತಿದ್ದೀರಿ. ಅದೇ 1500ರ ಸ್ಟ್ರೈಕ್‌ನ ಕಾಲ್ ಬೆಲೆಯನ್ನೂ, ಆ ಬೆಲೆಗೆ ಷೇರು ಮಾರುವ ಹಕ್ಕಾದ ಪುಟ್‌ನ ಬೆಲೆಯನ್ನೂ ಕೂಡಿಸಿ ನೋಡಿ. ಇಲ್ಲಿ ಎರಡೂ ಸೇರಿ ಸುಮಾರು 98 ರೂಪಾಯಿ ಇತ್ತು. ಅಂದರೆ ಎಕ್ಸ್‌ಪೈರಿಯೊಳಗೆ ಷೇರು ಶೇಕಡಾ 6.5ರಷ್ಟು ಅತ್ತಿತ್ತ ಆಗಬಹುದು ಎಂಬುದು ಆಗಲೇ ಬೆಲೆಯಲ್ಲಿ ಸೇರಿತ್ತು. ಬಂದ ಏರಿಕೆ ಶೇಕಡಾ 2.

ಏರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದ್ದರೆ ಬರೀ ಕಾಲ್ ಕೊಳ್ಳುವ ಬದಲು ಸ್ಪ್ರೆಡ್ ಮಾಡಬಹುದು. ಅದೇ ದಿನ 1500ರ ಕಾಲ್ ಕೊಂಡು 1550ರ ಕಾಲ್ ಅನ್ನು 28.50ಕ್ಕೆ ಮಾರಿದ್ದರೆ ಖರ್ಚು 20.50 ಆಗುತ್ತಿತ್ತು. ಐವಿ ಕುಸಿದಾಗ ಮಾರಿದ ಕಾಲ್‌ನ ಬೆಲೆಯೂ 15.50ಕ್ಕೆ ಬೀಳುತ್ತದೆ, ಆ ಇಳಿಕೆ ನಿಮ್ಮ ಪಾಲಿಗೆ ಲಾಭ. ಎರಡೂ ಕಾಲ್‌ಗಳ ಬೆಲೆಯ ವ್ಯತ್ಯಾಸ 26 ರೂಪಾಯಿ, ಅಂದರೆ ಅದೇ 1530ಕ್ಕೆ ಐದೂವರೆ ರೂಪಾಯಿ ಲಾಭ. ಆದರೆ ಷೇರು ಎಷ್ಟೇ ಹಾರಿದರೂ ಲಾಭ 29.50 ದಾಟುವುದಿಲ್ಲ, ಮಾರಿದ ಕಾಲ್‌ಗೆ ಮಾರ್ಜಿನ್ ಎಂಬ ಠೇವಣಿ ಕೂಡ ಇಡಬೇಕು. ಷೇರು ಬಿದ್ದರೆ ಕೊಟ್ಟ 20.50 ಪೂರ್ತಿ ಹೋಗಬಹುದು.